ಸೋತ ಆಟವನ್ನು ಕತೆಗೆ ತಂದದ್ದು

ಡೊಂಬಿವಲಿಯ ಕನ್ನಡ ಮನೆಯೊಂದರ ಐದನೇ ಕ್ಲಾಸಿನ ಹುಡುಗಿ, ಹೆಸರು ಅನಘಾ. ಮೊದಲ ಸಲ ಶಾಲೆಯ ಚೆಸ್ ಟೂರ್ನಮೆಂಟಿಗೆ ಹೋಗುತ್ತಾಳೆ, ಒಂದು ಆಟ ಸೋಲುತ್ತಾಳೆ. ಕತೆ ಇಷ್ಟೇ. ಬರೆಯುವಾಗ ನನಗೆ ಜಾಸ್ತಿ ತಲೆ ತಿಂದದ್ದು ಅವಳ ಅಳುವಲ್ಲ, ಹೇಗೆ ಸೋತಳು ಅನ್ನೋದು.

ಸುಲಭದ ದಾರಿ ಇತ್ತು. ಮಕ್ಕಳ ಟೂರ್ನಮೆಂಟಿನಲ್ಲಿ ನಾಲ್ಕೇ ನಡೆಗೆ ಮೇಟ್ ಆಗಿ ಎದ್ದು ಬರುವವರು ಬೇಕಾದಷ್ಟು ಮಂದಿ. ಆದರೆ ಅಲ್ಲಿ ಎದುರಾಳಿಯ ಕೈಚಳಕ ಬಿಟ್ಟರೆ ಹುಡುಗಿಯದೇನೂ ಕಾಣುವುದಿಲ್ಲ. ಮಂತ್ರಿಯನ್ನು ಸುಮ್ನೆ ಕಳೆದುಕೊಂಡಳು ಅಂತ ಬರೆದರೂ ಅಷ್ಟೇ, ಓದುವವರು ‘ಅಯ್ಯೋ ಪಾಪ’ ಅಂದು ಮುಂದೆ ಹೋಗುತ್ತಾರೆ. ನನಗೆ ಬೇಕಿದ್ದದ್ದು ಚೆಸ್ ಗೊತ್ತಿಲ್ಲದವರೂ ‘ಬೇಡ ಕಣೇ, ಅಲ್ಲಿ ಇಡಬೇಡ’ ಅನ್ನುವಂಥ ಒಂದು ನಡೆ.

ಅದಕ್ಕೆ ಬೋರ್ಡನ್ನು ಪೂರ್ತಿ ಖಾಲಿ ಮಾಡಿದೆ. ಉಳಿಸಿದ್ದು ಮೂರೇ ಕಾಯಿ. ಮನೆಯ ಹೆಸರಿನಲ್ಲಿ ಅಕ್ಷರ ಉದ್ದ ಸಾಲಿನದು, ಅಂಕೆ ಅಡ್ಡ ಸಾಲಿನದು. ಬಿಳಿ ಕಾಯಿಯ ಹುಡುಗನ ರಾಜ e5ರಲ್ಲಿ, ಅವನ ಕಾಲಾಳು e6ರಲ್ಲಿ, ಅನಘಾಳ ಕರಿ ರಾಜ e7ರಲ್ಲಿ ಕಾಲಾಳಿಗೆ ಅಡ್ಡ ನಿಂತಿದೆ. ನಡೆ ಅವಳದು. ಪಕ್ಕಕ್ಕೂ ಮುಂದಕ್ಕೂ ಜಾಗವಿಲ್ಲ, ಹಿಂದಿನ ಸಾಲಿನ ಮೂರು ಮನೆ ಮಾತ್ರ: d8, e8, f8. ನೇರ ಹಿಂದೆ e8ಕ್ಕೆ ಹೋದರೆ ಡ್ರಾ, ಅರ್ಧ ಪಾಯಿಂಟ್ ಸಿಗುತ್ತದೆ. ಉಳಿದ ಎರಡರಲ್ಲಿ ಯಾವುದಕ್ಕೆ ಹೋದರೂ ಸೋಲು.

ಯಾಕೆ ಅಂದರೆ, ಇಲ್ಲಿ ಇಬ್ಬರು ರಾಜರು ಒಂದು ಮನೆ ಬಿಟ್ಟು ಎದುರುಬದುರು ನಿಂತಾಗ ಯಾರು ನಡೆಯಬೇಕೋ ಅವರು ಕೆಟ್ಟರು. e8ರಲ್ಲಿ ಕಾದರೆ ಹುಡುಗ f6ಕ್ಕೆ ಬರುತ್ತಾನೆ, ಆಗ ಇವಳು f8ಕ್ಕೆ ಹೋಗಿ ಎದುರು ನಿಲ್ಲಬಹುದು, ನಡೆ ಅವನದಾಗುತ್ತದೆ. ಅವನು ಕಾಲಾಳನ್ನು e7ಕ್ಕೆ ನೂಕಿದರೆ ಇವಳು ಮತ್ತೆ e8. ಈಗ ಕಾಲಾಳನ್ನು ಕಾಯಲು ಅವನ ರಾಜ e6ಕ್ಕೆ ಬಂದರೆ ಇವಳಿಗೆ ನಡೆಯೇ ಇಲ್ಲ, ಚೆಕ್ಕೂ ಇಲ್ಲ, ಆಟ ಡ್ರಾ. ಅದೇ, ಅವನು ಬರುವ ಮೊದಲೇ f8ಕ್ಕೆ ಹೋದಳು ಅನ್ನಿ. ಅವನು f6ಕ್ಕೆ ಬಂದು ಎದುರು ನಿಲ್ಲುತ್ತಾನೆ, ನಡೆ ಇವಳದೇ ಆಗಿಬಿಡುತ್ತದೆ. ಇವಳು e8, ಅವನ ಕಾಲಾಳು e7. ಇವಳಿಗೆ ಉಳಿದದ್ದು d7 ಒಂದೇ. ಅವನ ರಾಜ f7ಕ್ಕೆ ಬಂದರೆ ಮುಂದಿನ ನಡೆಯಲ್ಲಿ ಕಾಲಾಳು ಮಂತ್ರಿಯಾಗುವುದನ್ನು ಯಾರೂ ತಡೆಯಲಾರರು.

ಇಷ್ಟನ್ನೂ ಕತೆಯೊಳಗೆ ತುರುಕಲಿಲ್ಲ. ಹಿಂದಿನ ರಾತ್ರಿ ಊಟವಾದ ಮೇಲೆ ಅಜ್ಜ ಮಡಚುವ ಬೋರ್ಡ್ ಬಿಚ್ಚಿ ಒಂದೇ ಮಾತು ಹೇಳುತ್ತಾರೆ: “ಹಿಂದೆ ಸರಿಯೋದಾದ್ರೆ ನೇರ ಹಿಂದೆ ಸರಿ ಪುಟ್ಟಿ. ಅವನು ಯಾವ ಕಡೆ ಬರ್ತಾನೆ ನೋಡಿ ಆಮೇಲೆ ನೀನು ಹೋಗು.” (ಅಜ್ಜ ಮುಂಬೈಯ ಖಾಡಿಲ್ಕರ್ ಅಕ್ಕತಂಗಿಯರ ಕಾಲದವರು. ಆ ಮೂವರೂ ರಾಷ್ಟ್ರೀಯ ಮಹಿಳಾ ಚಾಂಪಿಯನ್ ಆದವರು, ಅಜ್ಜನಿಗೆ ಅವರ ಮಾತು ಎತ್ತಿದರೆ ಊಟ ತಣ್ಣಗಾದರೂ ಗೊತ್ತಾಗುವುದಿಲ್ಲ.) ಓದುವವರ ಕೈಗೆ ಇಷ್ಟು ಕೊಟ್ಟರೆ ಸಾಕು, ಟೂರ್ನಮೆಂಟಿನ ಜಾಗದಲ್ಲಿ ಮತ್ತೆ ವಿವರಿಸುವ ಕೆಲಸ ಇರುವುದಿಲ್ಲ.

ಆದರೆ ಅಜ್ಜ ಹೇಳಿದ್ದರೂ ಅವಳು f8ಕ್ಕೆ ಹೋಗುವುದು ಯಾಕೆ? ‘ಮರೆತಳು’ ಅಂದರೆ ನನಗೇ ಒಪ್ಪಿಗೆಯಾಗದು. ಠಾಣೆಯಲ್ಲಿ ಮಕ್ಕಳಿಗೆ ಚೆಸ್ ಹೇಳಿಕೊಡುವ ಗೆಳೆಯರೊಬ್ಬರಿಗೆ ಓದಲು ಕೊಟ್ಟೆ. ಅವರು ಕೇಳಿದ್ದು ಒಂದೇ, “ಆ ಹುಡುಗನ ರಾಜ e5ಕ್ಕೆ ಎಲ್ಲಿಂದ ಬಂತು?” ಒಳ್ಳೆ ಪ್ರಶ್ನೆ. f5ರಿಂದ ಬಂತು ಅಂತ ಸೇರಿಸಿದೆ. ಈಗ ಎಲ್ಲ ಕೂಡಿಬಂತು. ಆ ಕಡೆಯಿಂದ ಬಂದವನು ಮತ್ತೆ ಆ ಕಡೆಗೇ ಹೋಗುತ್ತಾನೆ ಅಂತ ಅವಳ ಲೆಕ್ಕ. ಮೊದಲೇ ಹೋಗಿ ಅಡ್ಡ ನಿಂತುಬಿಡೋಣ ಅಂತ ಆತುರ. ಹುಷಾರಿನ ಹುಡುಗಿ ಮಾಡುವ ತಪ್ಪು ಇದು, ದಡ್ಡಿಯದಲ್ಲ.

ಇನ್ನೊಂದು ನಿಯಮವೂ ಕೆಲಸಕ್ಕೆ ಬಂತು. ಕಾಯಿ ಮುಟ್ಟಿದರೆ ಅದನ್ನೇ ನಡೆಸಬೇಕು, ಆದರೆ ಕೈ ಬಿಡುವವರೆಗೆ ಯಾವ ಮನೆ ಅನ್ನೋದನ್ನು ಬದಲಾಯಿಸಬಹುದು. ಹಾಗಾಗಿ ಅವಳು ರಾಜನನ್ನು f8ರಲ್ಲಿ ಇಟ್ಟು ಎರಡು ಬೆರಳು ಅದರ ಮೇಲೇ ಇಟ್ಟುಕೊಂಡು ಕೂರುತ್ತಾಳೆ, ಪಕ್ಕದ ಟೇಬಲಿನ ಗಡಿಯಾರ ಯಾರೋ ಜೋರಾಗಿ ಒತ್ತುತ್ತಾರೆ, ಎದುರಿನ ಹುಡುಗ ಮೂಗು ಒರೆಸಿಕೊಳ್ಳುತ್ತಾನೆ, ಇನ್ನೂ ಬದಲಾಯಿಸಬಹುದು, ಇನ್ನೂ ಬದಲಾಯಿಸಬಹುದು, ಅಷ್ಟರಲ್ಲಿ ಬೆರಳು ತೆಗೆಯುತ್ತಾಳೆ. ಕತೆಯಲ್ಲಿ ಎಲ್ಲಕ್ಕಿಂತ ಉದ್ದದ ವಾಕ್ಯ ಅದೇ.

ಸೋತವಳನ್ನು ತಕ್ಷಣ ಮನೆಗೆ ಕಳಿಸಿ ಅಮ್ಮನ ಮಡಿಲಲ್ಲಿ ಮಲಗಿಸುವಂತಿರಲಿಲ್ಲ. ಶಾಲೆ ಟೂರ್ನಮೆಂಟುಗಳು ಹೆಚ್ಚಾಗಿ ಸ್ವಿಸ್ ಪದ್ಧತಿಯವು, ಸೋತವರು ಹೊರಗೆ ಹೋಗುವುದಿಲ್ಲ, ಮುಂದಿನ ಸುತ್ತಿನಲ್ಲಿ ತಮ್ಮಷ್ಟೇ ಪಾಯಿಂಟ್ ಇರುವವರ ಎದುರು ಕೂರುತ್ತಾರೆ. ಇದು ಅವಳ ಮೊದಲ ಸುತ್ತು, ಹಾಗಾಗಿ ಇವಳಂತೆ ಸೋತು ಬಂದ ಮತ್ತೊಬ್ಬಳು ಸಿಗುತ್ತಾಳೆ. ಗೋಡೆಗೆ ಹೊಸ ಜೋಡಿಗಳ ಪಟ್ಟಿ ಅಂಟಿಸುತ್ತಾರೆ. ಅಪ್ಪ ನೀರಿನ ಬಾಟಲಿ ಕೊಟ್ಟು “ಏನಾಯ್ತು ಪುಟ್ಟಿ?” ಅಂತಾರೆ. ಅವಳು “ಮೊದಲೇ ಹೋಗಿ ನಿಂತೆ ಅಪ್ಪ” ಅಂತಾಳೆ. ಚೆಸ್ ಬಾರದ ಅಪ್ಪ ಬೇಗ ಹೋಗಿ ಕುರ್ಚಿ ಹಿಡಿದಳು ಅಂದುಕೊಂಡು, “ಒಳ್ಳೇದಾಯ್ತು ಬಿಡು” ಅನ್ನುತ್ತಾರೆ.