ಒಂದೇ ಸೆಟ್ ತೆಗೆದು ನಾನು ಸಿಕ್ಕಿಬಿದ್ದದ್ದು

ಮಧ್ಯಾಹ್ನ ಮೂರು ಗಂಟೆಗೆ ಮೈಕ್ರೋಬಯಾಲಜಿ ಲ್ಯಾಬಿನಿಂದ ಫೋನ್ ಬಂತು. ಆರನೇ ಬೆಡ್ಡಿನವರ ಬ್ಲಡ್ ಕಲ್ಚರ್ ಫ್ಲ್ಯಾಗ್ ಆಗಿದೆ, ಅಂದರೆ ರಕ್ತ ಹಾಕಿಟ್ಟ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಬೆಳೆದಿವೆ, ಗ್ರಾಮ್ ಪಾಸಿಟಿವ್ ಕಾಕೈ ಅನ್ನುವ ಗುಂಡನೆಯವು, ಗೊಂಚಲು ಗೊಂಚಲಾಗಿವೆ ಅಂದರು. ಹಿಂದಿನ ದಿನ ಬೆಳಿಗ್ಗೆ ಎಂಟಕ್ಕೆ ನಾನೇ ತೆಗೆದಿದ್ದ ರಕ್ತ. ಬಾಟಲಿಗಳು ಲ್ಯಾಬಿನ ಮಷೀನಿಗೆ ಬೇಗನೇ ಹೋಗಿದ್ದವು. ಅಂದರೆ ಫ್ಲ್ಯಾಗ್ ಆಗಲು ಹತ್ತಿರಹತ್ತಿರ 31 ಗಂಟೆ.

ಅರವತ್ತು ದಾಟಿದ ಗಂಡಸು. ನಡುಕದ ಜ್ವರ, ಉರಿಮೂತ್ರ. ಕಲ್ಚರ್ ತೆಗೆದ ಮೇಲೆ ಸೆಫ್ಟ್ರಿಯಾಕ್ಸೋನ್ ಅನ್ನುವ ಆಂಟಿಬಯೋಟಿಕ್ ಶುರು ಮಾಡಿದ್ದೆವು, ಜ್ವರ ಇಳಿಯುತ್ತಿತ್ತು. ಫೋನ್ ಬಂದ ಮೇಲೆ ನಾನು ಇನ್ನೊಂದು ಆಂಟಿಬಯೋಟಿಕ್, ವ್ಯಾಂಕೋಮೈಸಿನ್ ಬರೆದೆ. ಅದನ್ನು ಬರೆದದ್ದು ತಪ್ಪು ಅಂತ ಇವತ್ತಿಗೂ ಅನ್ನುವುದಿಲ್ಲ. ಗೊಂಚಲು ಕಾಕೈ ಅಂದರೆ ಸ್ಟ್ಯಾಫಿಲೋಕಾಕಸ್ ಆರಿಯಸ್ ಕೂಡ ಆಗಿರಬಹುದು. ಅದನ್ನು ಯಾವತ್ತೂ ಸುಮ್ನೆ ಬಿಡುವ ಹಾಗಿಲ್ಲ. ನನ್ನ ತಪ್ಪು ಬೇರೆ ಇತ್ತು. ಮೊದಲ ಡೋಸ್ ಹೋಗುವ ಮುಂಚೆ ಮತ್ತೆ ಕಲ್ಚರ್ ತೆಗೆಯಲಿಲ್ಲ. ಮರುದಿನ ರಿಪೋರ್ಟಿನಲ್ಲಿ ‘ಸ್ಟ್ಯಾಫಿಲೋಕಾಕಸ್ ಎಪಿಡರ್ಮಿಡಿಸ್, ಎರಡರಲ್ಲಿ ಒಂದು ಬಾಟಲಿ’ ಅಂತ, ಅಂದರೆ ಚರ್ಮದ ಮೇಲೆ ಸಾಮಾನ್ಯವಾಗಿರುವ ಬ್ಯಾಕ್ಟೀರಿಯಾ ಅಂತ, ಬಂದಾಗಲೂ ಔಷಧ ನಿಲ್ಲಿಸಲಿಲ್ಲ. ಪಾಸಿಟಿವ್ ಅಂದ ಮೇಲೆ ಪಾಸಿಟಿವ್ ಅಲ್ವಾ ಅನ್ನುವ ಧೈರ್ಯ.

ನಾಲ್ಕನೇ ದಿನ, ಮೂತ್ರಪಿಂಡಕ್ಕೆ ತೊಂದರೆಯಾದಾಗ ಏರುವ ಕ್ರಿಯಾಟಿನಿನ್ 1.0ದಿಂದ 1.9ಕ್ಕೆ ಹೋಯಿತು. ಆಗ ಲ್ಯಾಬಿನ ಮೇಡಂ ಹತ್ತಿರ ಹೋದೆ. ಒಂದು ಚುಚ್ಚಿನಿಂದ ತುಂಬಿಸುವ ಎರಡು ಬಾಟಲಿಗೆ ಒಂದು ಸೆಟ್ ಅನ್ನುತ್ತೇವೆ. ಅವರು ಕೇಳಿದ ಮೊದಲ ಪ್ರಶ್ನೆ, "ಎಷ್ಟು ಸೆಟ್ ತೆಗೆದಿರಿ ಡಾಕ್ಟರೇ?"

"ಒಂದು."

"ಎಲ್ಲಿಂದ?"

ಹೊಸದಾಗಿ ಹಾಕಿದ ಕ್ಯಾನುಲಾದಿಂದ ಅಂದೆ. ಅವರು ಏನೂ ಹೇಳದೆ ನನ್ನ ಎರಡೂ ಬಾಟಲಿ ತಂದು ತಕ್ಕಡಿ ಮೇಲೆ ಇಟ್ಟರು. ಖಾಲಿ ಬಾಟಲಿಯ ತೂಕ ಅವರ ಬಳಿ ಬರೆದಿಟ್ಟದ್ದಿತ್ತು. ಒಂದು ಎಂಎಲ್ ರಕ್ತ ಒಂದು ಗ್ರಾಮಿಗಿಂತ ಚೂರು ಜಾಸ್ತಿ ತೂಗುತ್ತದೆ, ಹಾಗಾಗಿ ಲೆಕ್ಕ ಸುಲಭ. ಗಾಳಿ ಬೇಕಾದ ಬ್ಯಾಕ್ಟೀರಿಯಾಕ್ಕಿರುವ ಏರೋಬಿಕ್ ಬಾಟಲಿಯಲ್ಲಿ ಸುಮಾರು 4 ಎಂಎಲ್, ಗಾಳಿ ಬೇಡದವಕ್ಕಿರುವ ಅನೇರೋಬಿಕ್‌ನಲ್ಲಿ 3. ಇರಬೇಕಾಗಿದ್ದದ್ದು ತಲಾ 8ರಿಂದ 10. ‘ಹತ್ತು ಎಂಎಲ್ ತೆಗೆದೆ’ ಅಂತ ನಾನು ಪ್ರಾಮಾಣಿಕವಾಗಿಯೇ ನಂಬಿದ್ದೆ.

ಇಷ್ಟು ಕಡಿಮೆಯಾದರೆ ಏನಾಗುತ್ತದೆ ಅಂತ ಅವರು ಕಾಗದದ ಮೇಲೆ ತೋರಿಸಿದರು. ದೊಡ್ಡವರ ರಕ್ತದಲ್ಲಿ ಬ್ಯಾಕ್ಟೀರಿಯಾ ಇದ್ದರೂ ತೀರಾ ವಿರಳವಾಗಿರಬಹುದು. ಎಷ್ಟೋ ಸಲ ಒಂದು ಎಂಎಲ್‌ಗೆ ಒಂದೂ ಇರುವುದಿಲ್ಲ. ಐದು ಎಂಎಲ್‌ಗೆ ಒಂದು ಅಂತ ಇಟ್ಟುಕೊಳ್ಳಿ. ನಾನು ತೆಗೆದ 7 ಎಂಎಲ್‌ನಲ್ಲಿ ಒಂದೂ ಬಾರದೇ ಹೋಗುವ ಸಾಧ್ಯತೆ ನಾಲ್ಕರಲ್ಲಿ ಒಂದು. 20 ಎಂಎಲ್ ತೆಗೆದಿದ್ದರೆ ಅದು ಐವತ್ತರಲ್ಲಿ ಒಂದಕ್ಕೆ ಇಳಿಯುತ್ತಿತ್ತು. ಎರಡು ಸೆಟ್ ಸೇರಿ 40 ಎಂಎಲ್ ಆದರೆ ತಪ್ಪಿಸಿಕೊಳ್ಳುವುದೇ ಕಷ್ಟ. ಮಷೀನ್ ಎಷ್ಟೇ ಒಳ್ಳೆಯದಿರಲಿ, ಬಾಟಲಿಯೊಳಗೆ ಹೋಗದೇ ಇದ್ದದ್ದನ್ನು ಅದು ಬೆಳೆಸಲಾರದು.

ಕಡಿಮೆ ರಕ್ತ ಹಾಕಿದರೆ ಇನ್ನೊಂದು ತೊಂದರೆಯೂ ಇದೆ. ಚರ್ಮದಿಂದ ಬಾಟಲಿಗೆ ಬೀಳುವ ಬ್ಯಾಕ್ಟೀರಿಯಾಕ್ಕೆ ರಕ್ತ ಎಷ್ಟಿದೆ ಅನ್ನುವುದರ ಹಂಗಿಲ್ಲ. 3 ಎಂಎಲ್ ಹಾಕಿ, 10 ಹಾಕಿ, ಸೂಜಿಯ ಜೊತೆ ಬಂದದ್ದು ಬಂದೇ ಬರುತ್ತದೆ. ಹಾಗಾಗಿ ಕಡಿಮೆ ಹಾಕಿದಾಗ ನಿಜವಾದದ್ದು ಸಿಗುವ ಅವಕಾಶ ಮಾತ್ರ ಇಳಿಯುತ್ತದೆ, ಸುಳ್ಳು ಹಾಗೇ ಉಳಿಯುತ್ತದೆ.

ಆ ರೋಗಿಯ ಮೂತ್ರದಲ್ಲಿ ಇ. ಕೋಲೈ ಬೆಳೆದಿತ್ತು. ನಡುಕ, ಜ್ವರ ಎಲ್ಲ ಅದಕ್ಕೇ ಹೊಂದುತ್ತಿತ್ತು. ರಕ್ತದಲ್ಲೂ ಅದು ಇತ್ತೋ ಇಲ್ಲವೋ ನನ್ನ ಆ ಎರಡು ಬಾಟಲಿ ಹೇಳಲಾರವು. ವ್ಯಾಂಕೋಮೈಸಿನ್ ನಿಲ್ಲಿಸಿದೆವು. ಅವರ ಮೈಯಲ್ಲಿ ಪೇಸ್‌ಮೇಕರ್ ಇಲ್ಲ, ಕೃತಕ ವಾಲ್ವ್ ಇಲ್ಲ, ಹಳೆಯ ಲೈನ್ ಇಲ್ಲ. ಎರಡು ದಿನ ಬಿಟ್ಟು ತೆಗೆದ ಎರಡು ಸೆಟ್‌ಗಳಲ್ಲಿ ಏನೂ ಬೆಳೆಯಲಿಲ್ಲ. ಕ್ರಿಯಾಟಿನಿನ್ ವಾರದಲ್ಲಿ ಇಳಿಯಿತು.

ಚರ್ಮದ ಬ್ಯಾಕ್ಟೀರಿಯಾ ನನ್ನ ಬಾಟಲಿಗೆ ಹೇಗೆ ಹೋಯಿತು ಅಂತ ಆಮೇಲೆ ಯೋಚಿಸಿದೆ. ದಾರಿ ಒಂದಲ್ಲ, ನಾಲ್ಕಿತ್ತು. ಸ್ಪಿರಿಟ್ ಹತ್ತಿಯಿಂದ ಒಂದು ಸಲ ಒರೆಸಿದ್ದೆ. ಒಣಗಲು ಬಿಡಲಿಲ್ಲ. ಒರೆಸಿದ ಮೇಲೆ ನರ ಸಿಗುತ್ತದಾ ಅಂತ ಬೆರಳಿಟ್ಟು ಮತ್ತೆ ಮುಟ್ಟಿದೆ. ಬಾಟಲಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದಾಗ ಕೆಳಗಿನ ರಬ್ಬರ್ ಸ್ಟೆರೈಲ್ ಅಂತ ಅಂದುಕೊಂಡು ಹಾಗೇ ಚುಚ್ಚಿದೆ. ಅದು ಸ್ಟೆರೈಲ್ ಅಲ್ಲ, ಬರೀ ಧೂಳಿಲ್ಲದ್ದು ಅಷ್ಟೇ.

ಈಗ ನಾನು ಮಾಡುವುದು ಹೀಗೆ. ಮೊದಲು ಟೂರ್ನಿಕೆಟ್ ಕಟ್ಟಿ ನರ ಹುಡುಕಿಕೊಳ್ಳುತ್ತೇನೆ, ಮುಟ್ಟುವುದೆಲ್ಲ ಆಗಲೇ ಮುಗಿಯಬೇಕು. ಟೂರ್ನಿಕೆಟ್ ಸಡಿಲಿಸಿ ಬಾಟಲಿಗಳನ್ನು ಸಿದ್ಧ ಮಾಡುತ್ತೇನೆ. ರಬ್ಬರನ್ನು 70 ಶೇಕಡಾ ಆಲ್ಕೋಹಾಲಿನಿಂದ ಉಜ್ಜಿ ಒಣಗಲು ಬಿಡುತ್ತೇನೆ, ಅದಕ್ಕೆ ಅಯೋಡಿನ್ ಹಾಕುವುದಿಲ್ಲ. ಬಾಟಲಿಯ ಪಕ್ಕದಲ್ಲಿ 10 ಎಂಎಲ್ ಎಲ್ಲಿಗೆ ಬರುತ್ತದೆ ಅಂತ ಪೆನ್ನಿನಲ್ಲಿ ಗೆರೆ ಎಳೆಯುತ್ತೇನೆ. ಈ ಗೆರೆ ಇಲ್ಲದಿದ್ದರೆ ನನ್ನ ಕಣ್ಣಳತೆ ಇವತ್ತಿಗೂ ಮೋಸ ಮಾಡುತ್ತದೆ. ಆಮೇಲೆ ಟೂರ್ನಿಕೆಟ್ ಮತ್ತೆ ಬಿಗಿದು, ಆಲ್ಕೋಹಾಲಿನಲ್ಲಿರುವ 2 ಶೇಕಡಾ ಕ್ಲೋರ್‌ಹೆಕ್ಸಿಡೀನ್‌ನಿಂದ ಚರ್ಮವನ್ನು 30 ಸೆಕೆಂಡ್ ಆ ಕಡೆ ಈ ಕಡೆ ಉಜ್ಜುತ್ತೇನೆ. ಬರೀ ಒರೆಸುವುದಲ್ಲ, ಉಜ್ಜುವುದು. ಇನ್ನೊಂದು 30 ಸೆಕೆಂಡ್ ಒಣಗಬೇಕು. ಊದುವುದು, ಬೀಸುವುದು ಬೇಡ. ಪೋವಿಡೋನ್ ಅಯೋಡಿನ್ ಆದರೆ ಒಂದೂವರೆ ಎರಡು ನಿಮಿಷ ಕಾಯಬೇಕು, ಕೈ ಹಿಡಿದು ಅಷ್ಟು ಹೊತ್ತು ನಿಲ್ಲುವ ತಾಳ್ಮೆ ವಾರ್ಡಿನಲ್ಲಿ ಯಾರಿಗೂ ಇರುವುದಿಲ್ಲ.

ಇಷ್ಟು ಮಾಡಿದರೂ ಚರ್ಮ ಪೂರ್ತಿ ಶುದ್ಧವಾಗುವುದಿಲ್ಲ. ಕೂದಲ ಬುಡದಲ್ಲಿ, ಎಣ್ಣೆ ಗ್ರಂಥಿಗಳಲ್ಲಿ ಇರುವವು ಔಷಧಕ್ಕೆ ಸಿಗುವುದಿಲ್ಲ. ಸೂಜಿ ಒಳಗೆ ಹೋಗುವಾಗ ಚರ್ಮದ ಚೂರೂ ಜೊತೆಗೆ ಹೋಗಬಹುದು. ಆದ್ದರಿಂದ ಮೊದಲ ಒಂದೆರಡು ಎಂಎಲ್ ಕಲ್ಚರಿಗೆ ಹಾಕದಿರುವುದು ಒಳ್ಳೆಯದು, ಹಾಗೆ ಮಾಡಿದಾಗ ಬೆರಕೆ ಕಡಿಮೆಯಾಗುತ್ತದೆ. ಸಾಧ್ಯವಾದಾಗ ಸ್ಟೆರೈಲ್ ಆದ ಬೇರೆ ಸಿರಿಂಜಿನಲ್ಲಿ ಅದನ್ನು ತೆಗೆದು ಪಕ್ಕಕ್ಕೆ ಇಡುತ್ತೇನೆ. ಕ್ಯಾನುಲಾದಿಂದ ತೆಗೆಯುವುದನ್ನು ಬಿಟ್ಟೇಬಿಟ್ಟಿದ್ದೇನೆ.

ಸಿರಿಂಜಿನಿಂದ ಹಾಕುವಾಗ ಅನೇರೋಬಿಕ್ ಬಾಟಲಿ ಮೊದಲು, ಕೊನೆಯಲ್ಲಿರುವ ಗಾಳಿ ಅದರೊಳಗೆ ಹೋಗಬಾರದು. ಬಟರ್‌ಫ್ಲೈ ಸೂಜಿಯಾದರೆ ಕೊಳವೆಯ ಗಾಳಿ ಮೊದಲು ಹೋಗುತ್ತದೆ, ಅದಕ್ಕೆ ಏರೋಬಿಕ್ ಮೊದಲು. ರಕ್ತ ಸಾಲದೇ ಹೋದರೆ ಹೇಗಿದ್ದರೂ ಏರೋಬಿಕ್ ತುಂಬಲಿ. ಬಾಟಲಿಗಳನ್ನು ಫ್ರಿಜ್ಜಿನಲ್ಲಿ ಇಡಬಾರದು. ನಮ್ಮಲ್ಲಿ ಒಬ್ಬ ಹೊಸ ಹುಡುಗ ಹಾಗೆ ಇಟ್ಟಿದ್ದ, ಪಾಪ.

ಇನ್ನು ಸೆಟ್‌ಗಳ ವಿಚಾರ. ಎರಡನೇ ಸೆಟ್ ಯಾಕೆ ಬೇರೆ ಕೈಯಿಂದ, ಬೇರೆ ಚುಚ್ಚಿನಿಂದ ತೆಗೆಯಬೇಕು ಅನ್ನುವುದು ನನಗೆ ತಡವಾಗಿ ಅರ್ಥವಾದದ್ದು. ಒಂದೇ ಚುಚ್ಚಿನಲ್ಲಿ 40 ಎಂಎಲ್ ತೆಗೆದು ನಾಲ್ಕು ಬಾಟಲಿಗೆ ಹಂಚಿದರೆ ರಕ್ತದ ಪ್ರಮಾಣ ಸರಿಯಾಗುತ್ತದೆ. ಆದರೆ ಸೂಜಿಯಲ್ಲಿ ಚರ್ಮದ ಬ್ಯಾಕ್ಟೀರಿಯಾ ಇದ್ದರೆ ಎರಡು ಬಾಟಲಿಯಲ್ಲೂ ಬರಬಹುದು, ಮೂರರಲ್ಲೂ ಬರಬಹುದು. ಆಗ ಬಾಟಲಿ ಎಣಿಸಿ ಪ್ರಯೋಜನವಿಲ್ಲ. ಎಣಿಸಬೇಕಾದದ್ದು ಚುಚ್ಚುಗಳನ್ನು. ನೂರು ಸೆಟ್‌ಗೆ ಮೂರು ಬೆರಕೆ ಆಗುತ್ತವೆ ಅಂದುಕೊಂಡರೆ, ಎರಡು ಬೇರೆ ಚುಚ್ಚುಗಳಲ್ಲೂ ಬೆರಕೆಯಾಗುವುದು ಸಾವಿರಕ್ಕೆ ಒಂದು ಸಲ. ಎರಡರಲ್ಲೂ ಅದೇ ಜಾತಿ, ಅದೇ ಔಷಧಗಳಿಗೆ ಬಗ್ಗುವುದು ಇನ್ನೂ ಅಪರೂಪ. ಎರಡನ್ನೂ ಅವಸರದಲ್ಲಿ ಒಬ್ಬರೇ ತೆಗೆದಿದ್ದರೆ ಮಾತ್ರ ಈ ಲೆಕ್ಕವನ್ನು ಅಷ್ಟು ನಂಬಬೇಡಿ.

ಎರಡು ಸೆಟ್ ಸಾಕಾ, ಮೂರು ಬೇಕಾ? ಒಂದು ಸೆಟ್‌ನಲ್ಲಿ ಸುಮಾರು ಮುಕ್ಕಾಲು ಪಾಲು ಸಿಗುತ್ತದೆ, ಎರಡರಲ್ಲಿ ತೊಂಬತ್ತರ ಹತ್ತಿರ, ಮೂರರಲ್ಲಿ ತೊಂಬತ್ತೈದು ದಾಟುತ್ತದೆ. ಸಾಮಾನ್ಯ ಸೆಪ್ಸಿಸ್‌ನಲ್ಲಿ ನಾನು ಎರಡು ತೆಗೆದು ಆಂಟಿಬಯೋಟಿಕ್ ಕೊಡುತ್ತೇನೆ. ಎರಡೂ ಕೈಯಿಂದ ಒಂದರ ಬೆನ್ನಿಗೇ ಇನ್ನೊಂದು ತೆಗೆಯಬಹುದು, ಜ್ವರ ಏರಲಿ ಅಂತ ಕಾಯಬೇಕಾಗಿಲ್ಲ. ಹೃದಯದ ಒಳಪದರದ ಸೋಂಕಿನ ಅನುಮಾನವಿದ್ದರೆ ಮೂರು ಸೆಟ್. ಇದೆಲ್ಲ ದೊಡ್ಡವರ ಲೆಕ್ಕ. ಮಕ್ಕಳಲ್ಲಿ ತೂಕದ ಮೇಲೆ ಹೋಗಬೇಕು.

ಇದಾಗಿ ಕೆಲವು ತಿಂಗಳಿಗೆ ಅದೇ ಎಪಿಡರ್ಮಿಡಿಸ್ ಇನ್ನೊಬ್ಬರಲ್ಲಿ ಬೆಳೆಯಿತು. ಏಳು ತಿಂಗಳ ಹಿಂದೆ ಮೈಟ್ರಲ್ ವಾಲ್ವ್ ಬದಲಿಸಿಕೊಂಡಿದ್ದ ಹೆಂಗಸು. ಎರಡು ವಾರದಿಂದ ಸಣ್ಣ ಜ್ವರ, ಊಟ ಸೇರುತ್ತಿಲ್ಲ. ನೋಡಲು ಆ ಹಿರಿಯರಷ್ಟು ಕಾಯಿಲೆಯವರಂತೆ ಕಾಣಲಿಲ್ಲ. ಮೂರು ಚುಚ್ಚಿನಿಂದ ಮೂರು ಸೆಟ್ ತೆಗೆದೆ. ಗೆರೆ ನೋಡಿಕೊಂಡೇ ತುಂಬಿಸಿದೆ. ಮೊದಲ ಬಾಟಲಿ 16 ಗಂಟೆಗೆ ಫ್ಲ್ಯಾಗ್ ಆಯಿತು. ಮರುದಿನ ಸಂಜೆಯೊಳಗೆ ಮೂರೂ ಸೆಟ್ ಪಾಸಿಟಿವ್.

ಗ್ರಾಮ್ ಸ್ಟೇನ್ ಅದೇ, ಹೆಸರೂ ಅದೇ. ಆದರೆ ಓದುವ ರೀತಿ ಬೇರೆ. ಬೇಗ ಬೆಳೆದರೆ ನಿಜ, 24 ಗಂಟೆ ದಾಟಿದರೆ ಬೆರಕೆ ಅನ್ನುವ ಮಾತಿದೆ. ದಿಕ್ಕು ಸರಿ, ಆದರೆ ಅದೊಂದನ್ನೇ ನೆಚ್ಚಬಾರದು. ಎರಡೂ ಕಡೆ ತಪ್ಪುವುದನ್ನು ನೋಡಿದ್ದೇನೆ. ಇಲ್ಲಿ ನನಗೆ ನಂಬಿಕೆ ಕೊಟ್ಟದ್ದು ಮೂರು ಚುಚ್ಚು, ಮೂರರಲ್ಲೂ ಒಂದೇ ಸೆನ್ಸಿಟಿವಿಟಿ, ಮತ್ತು ಎದೆಯೊಳಗಿನ ಕೃತಕ ವಾಲ್ವ್. ಅದು ಈ ಬ್ಯಾಕ್ಟೀರಿಯಾ ಅಂಟಿಕೊಳ್ಳಲು ಇಷ್ಟಪಡುವ ಜಾಗ.

ಲ್ಯಾಬಿನ ಮೇಡಂ ಫೋನ್ ಮಾಡಿದಾಗ ಹೆಸರು ಹೇಳುವ ಮೊದಲೇ, "ತೂಕ ನೋಡಿದೆ, ಎಲ್ಲ ಒಂಬತ್ತರ ಮೇಲಿವೆ" ಅಂದರು. ಅಂದು ರಾತ್ರಿಯೇ ಅನ್ನನಾಳದ ಮೂಲಕ ಎಕೋ ಮಾಡಿಸಿದೆವು. ವಾಲ್ವಿನ ಅಂಚಿನಲ್ಲಿ ಅಲುಗಾಡುವ ಗಡ್ಡೆ ಕಾಣಿಸಿತು.