ಚೌರಿಯಂತೆ ಕಾಣದ ಕೂದಲು

ತಿಪಟೂರಿನ ಕಡೆಯ ಒಬ್ಬ ಕೂದಲೆಣ್ಣೆ ತಯಾರಕರ ಜಾಹೀರಾತಿಗೆ ಚಿತ್ರ ತೆಗೆಯುತ್ತಿದ್ದೆ. ಮೊದಲ ಚಿತ್ರ ಪರದೆಯ ಮೇಲೆ ಬಂದ ಕೂಡಲೇ ಅವರು, “ಇದು ಚೌರಿ ಕಟ್ಟಿದ ಹಾಗಿದೆಯಲ್ಲ ಸರ್” ಎಂದರು. ರೂಪದರ್ಶಿಯ ಕೂದಲು ಸೊಂಟದವರೆಗೆ ಇಳಿದಿತ್ತು, ಒಂದೆಳೆಯೂ ಕೃತಕವಾದದ್ದಲ್ಲ. ಆದರೂ ಅವರ ಮಾತು ನಿಜವಾಗಿತ್ತು.

ತಪ್ಪು ಇದ್ದದ್ದು ನನ್ನ ದೀಪದಲ್ಲಿ. ಕೂದಲಿನ ಎಳೆ ಒಂದು ತೆಳುವಾದ ದುಂಡು ಕಡ್ಡಿಯಿದ್ದಂತೆ. ಒಂದೇ ದಿಕ್ಕಿಗೆ ಮಲಗಿದ ಸಾವಿರಾರು ಎಳೆಗಳು ಬೆಳಕನ್ನು ಒಟ್ಟಿಗೆ ಹಿಂದಿರುಗಿಸುವುದರಿಂದ ತಲೆಯ ಮೇಲೆ ಅಡ್ಡಲಾಗಿ ಹೊಳಪಿನ ಪಟ್ಟಿಯೊಂದು ಮೂಡುತ್ತದೆ. ದೀಪವು ಕೂದಲಿನ ಉದ್ದಕ್ಕೆ ಸಮಾನಾಂತರವಾಗಿ ನಿಂತಿದ್ದರೆ ಆ ಪಟ್ಟಿ ಅಗಲವಾಗುತ್ತದೆ, ಅಡ್ಡವಾಗಿದ್ದರೆ ಕಿರಿದಾಗುತ್ತದೆ. ನಾನು 120 ಸೆಂ.ಮೀ. ಉದ್ದದ ಸಾಫ್ಟ್‌ಬಾಕ್ಸನ್ನು, ಅಂದರೆ ಬೆಳಕನ್ನು ಮೃದುಗೊಳಿಸುವ ಬಟ್ಟೆಯ ಮುಸುಕಿರುವ ದೀಪದ ಪೆಟ್ಟಿಗೆಯನ್ನು, ಕ್ಯಾಮೆರಾದ ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿದ್ದೆ. ಹಣೆಯಿಂದ ಭುಜದವರೆಗೂ ಒಂದೇ ಸಮನೆ ಹೊಳಪು ಹರಡಿ, ಎಳೆಗಳ ನಡುವಿನ ನೆರಳೆಲ್ಲ ಮುಚ್ಚಿಹೋಗಿತ್ತು. ಅದನ್ನು ಅಡ್ಡ ಮಲಗಿಸಿ ತಲೆಗಿಂತ ಎತ್ತರಕ್ಕೆ ಏರಿಸಿದೆ. ಪಟ್ಟಿ ನಾಲ್ಕು ಬೆರಳಿನಷ್ಟಾಯಿತು, ಅದರ ಅಂಚು ಎಳೆಯೆಳೆಯಾಗಿ ಹರಿದುಕೊಂಡಿತು. ನಮ್ಮ ಕಣ್ಣು ಕೂದಲೆಂದು ಗುರುತಿಸುವುದು ಆ ಹರಿದ ಅಂಚನ್ನೇ. ಹಿಂದಿನಿಂದ, ಭುಜದ ಎತ್ತರದಲ್ಲಿ, ಬಟ್ಟೆಯ ಮುಸುಕಿಲ್ಲದ ಇನ್ನೊಂದು ಸಣ್ಣ ದೀಪವಿಟ್ಟೆ. ಹೊರಗೆ ಚಾಚಿದ ಒಂಟಿ ಎಳೆಗಳು ಅದರಿಂದ ಬೆಳಗಿದವು. ಕಪ್ಪು ಕೂದಲು ಕಪ್ಪು ಪರದೆಯಲ್ಲಿ ಕರಗಿಹೋಗುವುದರಿಂದ ಹಿನ್ನೆಲೆಗೆ ಕಡು ಹಸಿರು ಬಟ್ಟೆ ಕಟ್ಟಿದೆ.

ಗಾಳಿಗೆ ಮೊದಲು ಟೇಬಲ್ ಫ್ಯಾನ್ ಇಟ್ಟಿದ್ದೆ. ಅದರ ಗಾಳಿ ಒಂದೇ ಸಮನೆ ಬೀಸುವುದರಿಂದ ಕೂದಲು ಒಗೆದು ಹರವಿದ ಸೀರೆಯಂತೆ ಒಟ್ಟಾಗಿ ಒಂದೇ ಕಡೆ ಹಾರಿತು. ಆಮೇಲೆ ಫ್ಯಾನ್ ತೆಗೆಸಿದೆ. ಸಹಾಯಕರೊಬ್ಬರು ಕೂದಲನ್ನು ಕೆಳಗಿನಿಂದ ಎತ್ತಿ ಬಿಟ್ಟು ಚೌಕಟ್ಟಿನಿಂದ ಸರಿದರೆ, ಇನ್ನೊಬ್ಬರು ದೊಡ್ಡ ಥರ್ಮಕೋಲ್ ಹಲಗೆಯನ್ನು ಒಂದೇ ಸಲ ಜೋರಾಗಿ ಬೀಸುತ್ತಿದ್ದರು. ಹಾರುವಾಗಿನದಕ್ಕಿಂತ ಇಳಿಯುವಾಗಿನ ಕೂದಲೇ ಚೆನ್ನ: ತುದಿಗಳು ಬೇರೆ ಬೇರೆ ಕಡೆಗೆ ಬಾಗಿ ನಡುವೆ ಸಂದು ಬಿಡುತ್ತವೆ. ಇನ್ನೂರಕ್ಕೂ ಹೆಚ್ಚು ಸಲ ಬಟನ್ ಒತ್ತಿದ ಮೇಲೆ ಎಂಟು ಚಿತ್ರಗಳು ಕೈಗೆ ಬಂದವು.

ಆ ತುದಿಗಳೇ ಕರಗಿದ ಮೇಣದಂತೆ ಕಂಡದ್ದು ಎರಡನೆಯ ತೊಡಕು. ಲೆಕ್ಕ ಹಾಕಿ ನೋಡಿದೆ. ಕೂದಲಿನ ತುದಿ ಸೆಕೆಂಡಿಗೆ 3 ಮೀಟರ್ ಚಲಿಸುತ್ತಿದೆ ಎಂದುಕೊಂಡರೆ, ಫ್ಲ್ಯಾಶ್‌ನ ಮಿಂಚು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಹೊತ್ತು ಉಳಿದರೂ ಅಷ್ಟರಲ್ಲಿ ಅದು 3 ಮಿ.ಮೀ. ಸರಿಯುತ್ತದೆ. ಎಳೆಯ ದಪ್ಪ ಸಾಮಾನ್ಯವಾಗಿ ಒಂದು ಮಿ.ಮೀ.ನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಎಳೆಗಳು ಒಂದರೊಳಗೊಂದು ಬೆರೆತದ್ದರಲ್ಲಿ ಆಶ್ಚರ್ಯವಿರಲಿಲ್ಲ. ಸ್ಟುಡಿಯೋದ ದೊಡ್ಡ ಫ್ಲ್ಯಾಶ್ ಬದಲು ಕ್ಯಾಮೆರಾದ ಮೇಲೆ ಕೂರಿಸುವ ಸಣ್ಣ ಫ್ಲ್ಯಾಶ್‌ಗಳನ್ನು 1/16 ಶಕ್ತಿಯಲ್ಲಿ ಬಳಸಿದೆ. ಶಕ್ತಿ ತಗ್ಗಿಸಿದಷ್ಟೂ ಇವುಗಳ ಮಿಂಚಿನ ಅವಧಿ ಚಿಕ್ಕದಾಗುತ್ತದೆ. ಇಷ್ಟಕ್ಕೆ ಇಳಿಸಿದರೆ ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗದ ಆಸುಪಾಸಿಗೆ ಬರುತ್ತದೆ. ಬೆಳಕು ಸಾಲದ್ದರಿಂದ ಮೂರನ್ನು ಒಟ್ಟಿಗೆ ಕಟ್ಟಿದೆ. ಕೋಣೆಯ ಉಳಿದ ದೀಪಗಳನ್ನೆಲ್ಲ ಆರಿಸಿದೆ, ಏಕೆಂದರೆ ಅವುಗಳ ಬೆಳಕು ಬಿದ್ದರೆ ಮಸುಕು ಮರಳಿ ಬರುತ್ತದೆ.

ಎಣ್ಣೆಯ ಜಾಹೀರಾತೆಂದು ಎಣ್ಣೆ ಸುರಿಯಬಾರದು. ಹೆಚ್ಚಾದರೆ ಎಳೆಗಳು ಅಂಟಿಕೊಂಡು ಕಟ್ಟುಕಟ್ಟಾಗುತ್ತವೆ, ಗಾಳಿಗೆ ಏಳುವುದೇ ಇಲ್ಲ. ಅಂಗೈಯಲ್ಲಿ ಮೂರು ಹನಿ ಉಜ್ಜಿ ಮಧ್ಯದಿಂದ ತುದಿಯವರೆಗೆ ಸವರಿಸಿದೆ, ಬುಡಕ್ಕೆ ಮುಟ್ಟಿಸಲಿಲ್ಲ.

ಚಿತ್ರ ತಿದ್ದುವಾಗಲೂ ಕೂದಲು ಚೌರಿಯಾಗುತ್ತದೆ. ಮುಖದ ಚರ್ಮ ನಯಗೊಳಿಸುವ ಪದರ ನನಗೆ ತಿಳಿಯದೆ ಹಣೆಯ ಅಂಚಿಗೂ ಹರಡಿ, ಅಲ್ಲಿನ ಪುಟ್ಟ ಕೂದಲುಗಳು ಅಳಿಸಿಹೋಗಿದ್ದವು. ಕತ್ತರಿಸಿ ಅಂಟಿಸಿದಂತೆ ಗೆರೆಯೊಂದು ಉಳಿದಿತ್ತು. ಪದರವನ್ನು ಬೇಡದ ಕಡೆ ಮರೆಮಾಡುವ ಮಾಸ್ಕ್ ಹಾಕಿ ಹಣೆಯ ಕೂದಲನ್ನೂ ಬೈತಲೆಯಲ್ಲಿ ಕಾಣುವ ನೆತ್ತಿಯ ಚರ್ಮವನ್ನೂ ಮರಳಿ ತಂದೆ. ಕಣ್ಣು, ತುಟಿಯ ಮೇಲೆ ಹಾಯ್ದ ಎಳೆಗಳನ್ನು ಮಾತ್ರ ತೆಗೆದೆ. ಒಂದು ಕಡೆ ಸಂದು ತುಂಬಬೇಕಾಯಿತು. ಪಕ್ಕದ ಗೊಂಚಲನ್ನೇ ನಕಲು ಮಾಡಿ ಅಂಟಿಸಿದರೆ ಕಣ್ಣು ಅದನ್ನು ಹಿಡಿದುಬಿಡುತ್ತದೆ. ಎರಡು ಪಿಕ್ಸೆಲ್ ಕುಂಚದಿಂದ, ಬುಡದಿಂದ ತುದಿಗೆ ಒತ್ತಡ ಕಡಿಮೆ ಮಾಡುತ್ತಾ, ಅಕ್ಕಪಕ್ಕದ ಮೂರು ಛಾಯೆಗಳಲ್ಲಿ ಒಂದೊಂದೇ ಎಳೆ ಬರೆದೆ. ಒಂದೇ ಕಪ್ಪಿನಲ್ಲಿ ಎಳೆದರೆ ಅದು ದಾರದಂತೆ ಕಾಣುತ್ತದೆ.

ಮುಗಿಸಿ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದಾಗ, “ತುದಿ ಮತ್ತೆ ಕರಗಿದೆ” ಎಂಬ ಉತ್ತರ ಬಂತು. ಫೋಟೋ ಆಗಿ ಕಳುಹಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ಮೊದಲು ಹಾಳಾಗುವುದು ಸಣ್ಣ ಎಳೆಗಳೇ. ಅದೇ ಚಿತ್ರವನ್ನು ಡಾಕ್ಯುಮೆಂಟ್ ಆಗಿ ಕಳುಹಿಸಿದೆ. ಅರ್ಧ ಗಂಟೆಯಲ್ಲಿ ಒಪ್ಪಿಗೆ ಬಂತು.