ಪಾರ್ಚ್‌ಮೆಂಟ್ ಒಣಗಿಸಿ ಎಂದು ಬರೆದೆ, ಅವರು ಚೆರಿ ಒಣಗಿಸಿದರು

ಸಿದ್ದಾಪುರದ ಹತ್ತಿರದ ಒಂದು ಕಾಫಿ ತೋಟದಲ್ಲಿ ನಾನು ರೈಟರ್ ಆಗಿ ಕೆಲಸ ಮಾಡುತ್ತೇನೆ. ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕಗಳ ಜೊತೆಗೆ ಕಾಫಿ ಸಂಸ್ಕರಣಾ ಘಟಕದವರೊಂದಿಗಿನ ಪತ್ರವ್ಯವಹಾರವೂ ನನ್ನದೇ. ನಾವು ಅವರಿಗೆ ಎರಡು ಬಗೆಯ ಕಾಫಿ ಕಳುಹಿಸುತ್ತೇವೆ: ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಬೀಜ ಪಾರ್ಚ್‌ಮೆಂಟ್, ಸಿಪ್ಪೆಸಮೇತ ಇಡಿಯಾಗಿ ಒಣಗಿಸಿದ ಹಣ್ಣು ಚೆರಿ. ಮೊದಲು ಚೀಟಿಯಲ್ಲಿ ಬರೆದು ಲಾರಿ ಚಾಲಕನ ಕೈಯಲ್ಲಿ ಕೊಟ್ಟು ಕಳುಹಿಸುತ್ತಿದ್ದುದನ್ನು ಈಗ ಇಮೇಲಿನಲ್ಲಿ ಕನ್ನಡದಲ್ಲೇ ಬರೆಯುತ್ತೇವೆ. ಚೀಟಿಯ ಕಾಲದಲ್ಲಿ ಅರ್ಥವಾಗದಿದ್ದರೆ ಚಾಲಕನನ್ನು ಕೇಳಬಹುದಿತ್ತು; ಇಮೇಲಿನ ಜೊತೆ ಯಾರೂ ಹೋಗುವುದಿಲ್ಲ. ಈ ವ್ಯತ್ಯಾಸವನ್ನು ನಾನು ಸರಿಯಾಗಿ ಅರಿತದ್ದು ಒಂದು ಜನವರಿಯ ಕೊನೆಯ ವಾರದಲ್ಲಿ, ಈ ಕೆಳಗಿನ ಎರಡು ವಾಕ್ಯಗಳನ್ನು ಬರೆದು ಕಳುಹಿಸಿದ ಮೇಲೆ:

"ನಿನ್ನೆ ನಮ್ಮ ತೋಟದಿಂದ 25 ಚೀಲ ಅರೇಬಿಕಾ ಪಾರ್ಚ್‌ಮೆಂಟ್ ಹಾಗೂ 60 ಚೀಲ ರೋಬಸ್ಟಾ ಚೆರಿಯನ್ನು ಲಾರಿಯಲ್ಲಿ ಕಳುಹಿಸಲಾಗಿದೆ. ಮಳೆಗೆ ಸಿಕ್ಕಿದ್ದರಿಂದ ತೇವಾಂಶ ಪರೀಕ್ಷಿಸಿ ಹೆಚ್ಚಿದ್ದರೆ ಅವುಗಳನ್ನು ಮತ್ತೆ ಒಣಗಿಸಿ ವರದಿಯೊಂದಿಗೆ ಕಳುಹಿಸಿಕೊಡಿ."

ನನ್ನ ಮನಸ್ಸಿನಲ್ಲಿದ್ದ ವಿಷಯ ಸರಳವಾಗಿತ್ತು. ಕಣದಲ್ಲಿ ಹರಡಿದ್ದ ಪಾರ್ಚ್‌ಮೆಂಟ್ ಮೇಲೆ ಅಕಾಲದ ಮಳೆ ಸುರಿದಿತ್ತು, ಚೆರಿ ಆಗಲೇ ಚೀಲ ಸೇರಿ ಸ್ಟೋರಿನಲ್ಲಿ ಭದ್ರವಾಗಿತ್ತು. ಪಾರ್ಚ್‌ಮೆಂಟಿನ ತೇವಾಂಶ ಶೇ. 10ಕ್ಕಿಂತ ಹೆಚ್ಚಿದ್ದರೆ ಅದನ್ನು ಮಾತ್ರ ಘಟಕದ ಕಣದಲ್ಲಿ ಇನ್ನೊಮ್ಮೆ ಒಣಗಿಸಬೇಕು, ವರದಿ ನನಗೆ ಬರಬೇಕು, ಚೀಲಗಳು ಅಲ್ಲಿಯೇ ಇರಬೇಕು. ನಾಲ್ಕನೆಯ ದಿನ ಅಲ್ಲಿನ ಗೋದಾಮಿನವರು ಫೋನ್ ಮಾಡಿ, "ಸರ್, ಚೆರಿ ಒಣಗಿಸಿ ಆಯ್ತು. ವಾಪಸ್ ತಗೊಂಡು ಹೋಗೋಕೆ ನಿಮ್ಮ ಲಾರಿ ಯಾವಾಗ ಬರುತ್ತೆ?" ಎಂದು ಕೇಳಿದರು. ನೆನೆದ ಪಾರ್ಚ್‌ಮೆಂಟ್ ಅಷ್ಟೂ ದಿನ ಗೋದಾಮಿನ ಮೂಲೆಯಲ್ಲಿ ಚೀಲದೊಳಗೇ ಬೆವರುತ್ತಿತ್ತು. ಬಿಚ್ಚಿ ನೋಡಿದಾಗ ಬಣ್ಣ ಮಾಸಿತ್ತು, ಮುಗ್ಗಲು ವಾಸನೆ ಹತ್ತಿತ್ತು. ಒಣಗಿಸುವ ಅಗತ್ಯವೇ ಇಲ್ಲದಿದ್ದ ಚೆರಿಗೆ ಕೂಲಿಯ ಬಿಲ್ಲೂ ಬಂತು.

ಮೊದಲ ಕ್ಷಣಕ್ಕೆ ನನಗೆ ಅವರ ಮೇಲೆ ಸಿಟ್ಟು ಬಂದದ್ದು ನಿಜ. ಆದರೆ ಅದೇ ಇಮೇಲನ್ನು ನಮ್ಮ ಸ್ಟೋರಿನ ಮೇಸ್ತ್ರಿಗೆ ಓದಿ ಹೇಳಿ, "ಇದು ನಿಮಗೆ ಬಂದಿದ್ದರೆ ಏನು ಮಾಡುತ್ತಿದ್ದಿರಿ?" ಎಂದು ಕೇಳಿದೆ. ಅವರು ಯೋಚಿಸದೆ, "ಲಾರಿ ದಾರಿಯಲ್ಲಿ ನೆನೆದಿದೆ ಅಂತಲ್ವಾ? ಹಾಗಾದ್ರೆ ಮೇಲಿನ ಸಾಲಿನ ಚೀಲ ಬಿಚ್ಚಬೇಕು" ಎಂದರು. ಲಾರಿಯಲ್ಲಿ ಮೇಲಿನ ಸಾಲಿನಲ್ಲಿದ್ದದ್ದು ಚೆರಿ. ಗೋದಾಮಿನವರು ತಪ್ಪು ಓದಿರಲಿಲ್ಲ. ನಾನು ಬರೆದದ್ದನ್ನೇ ಓದಿದ್ದರು.

ಅಂದು ಸಂಜೆ ಆ ವಾಕ್ಯವನ್ನು ಕಾಗದದ ಮೇಲೆ ಇಳಿಸಿಕೊಂಡು, ಪ್ರತಿ ಕ್ರಿಯೆಯ ಕೆಳಗೆ ಗೆರೆ ಎಳೆದು ಅದನ್ನು ಮಾಡುವವರು ಯಾರು ಎಂದು ಬರೆಯುತ್ತಾ ಹೋದೆ. "ಮಳೆಗೆ ಸಿಕ್ಕಿದ್ದರಿಂದ" ಎಂಬಲ್ಲೇ ಕೈ ನಿಂತಿತು. ಸಿಕ್ಕಿದ್ದು ಯಾವುದು ಎಂದು ವಾಕ್ಯದಲ್ಲಿ ಎಲ್ಲಿಯೂ ಇರಲಿಲ್ಲ. ಕಣದಲ್ಲಿ ನೆನೆದ ರಾಶಿಯನ್ನು ಕಣ್ಣಾರೆ ಕಂಡಿದ್ದ ನನಗೆ ಅದನ್ನು ಹೇಳಬೇಕೆಂದೇ ತೋರಿರಲಿಲ್ಲ. ಹೀಗೆ ಯಾವುದಕ್ಕೂ ಅಂಟಿಕೊಳ್ಳದೆ ತೂಗಾಡುವ ವಿಶೇಷಣವನ್ನು ಓದುಗ ತನಗೆ ಹತ್ತಿರ ಕಂಡ ನಾಮಪದಕ್ಕೆ ಕಟ್ಟಿಬಿಡುತ್ತಾನೆ, ಮತ್ತು ನನ್ನ ಹಿಂದಿನ ವಾಕ್ಯದ ಕೊನೆಯಲ್ಲಿದ್ದದ್ದು ಲಾರಿ. "ಅವುಗಳನ್ನು" ಎಂಬುದರ ಸ್ಥಿತಿಯೂ ಅದೇ. ಹಿಂದೆ ಎರಡು ಬಗೆಯ ಚೀಲಗಳಿದ್ದವು, ಸರ್ವನಾಮ ಎರಡಕ್ಕೂ ಹೊಂದುತ್ತಿತ್ತು, ಚೆರಿ ಹತ್ತಿರವಿತ್ತು. ಇನ್ನು "ಕಳುಹಿಸಿಕೊಡಿ" ಎಂಬುದಕ್ಕೆ ಕರ್ಮಪದವೇ ಇಲ್ಲ. ವರದಿಯನ್ನು ಕಳುಹಿಸಬೇಕೆಂದು ನಾನು ಎಣಿಸಿದ್ದೆ, ಆದರೆ "ವರದಿಯೊಂದಿಗೆ" ಎಂದು ಬರೆದದ್ದರಿಂದ ವರದಿಯ ಜೊತೆಗೆ ಬೇರೇನನ್ನೋ ಕಳುಹಿಸಬೇಕು ಎಂದಾಯಿತು, ಆ ಬೇರೇನೋ ಚೀಲಗಳಲ್ಲದೆ ಮತ್ತೇನಿರಲು ಸಾಧ್ಯ?

ಇದರ ನಡುವೆ ಕನ್ನಡಕ್ಕೇ ಸೇರಿದ ಒಂದು ತೊಡಕು ಕಂಡಿತು, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. "ಪರೀಕ್ಷಿಸಿ" ಎಂಬ ಒಂದೇ ರೂಪ ನಮ್ಮಲ್ಲಿ ಎರಡು ಕೆಲಸ ಮಾಡುತ್ತದೆ. "ಪರೀಕ್ಷೆ ಮಾಡಿದ ನಂತರ" ಎಂಬ ಅರ್ಥದಲ್ಲಿ ಮುಂದಿನ ಕ್ರಿಯೆಗೆ ಕೊಂಡಿಯಾಗುತ್ತದೆ. "ದಯವಿಟ್ಟು ಪರೀಕ್ಷೆ ಮಾಡಿರಿ" ಎಂಬ ಅರ್ಥದಲ್ಲಿ ತಾನೇ ವಾಕ್ಯವನ್ನು ಮುಗಿಸುತ್ತದೆ. ಬರೆದು ಮತ್ತು ಬರೆಯಿರಿ, ಕೊಟ್ಟು ಮತ್ತು ಕೊಡಿ ಎಂಬಲ್ಲಿ ರೂಪಗಳು ಬೇರೆಯಾಗಿರುವುದರಿಂದ ಈ ಸಮಸ್ಯೆಯಿಲ್ಲ. ಆದರೆ ಮಾಡಿ, ನೋಡಿ, ಕಳುಹಿಸಿ, ತಿಳಿಸಿ, ಪರಿಶೀಲಿಸಿ, ಒಣಗಿಸಿ ಮುಂತಾದವುಗಳಲ್ಲಿ ರೂಪ ಒಂದೇ, ಮತ್ತು ಕಚೇರಿಯ ಕೋರಿಕೆಗಳಲ್ಲಿ ನಾವು ಹೆಚ್ಚಾಗಿ ಬಳಸುವುದು ಇವುಗಳನ್ನೇ. ಮಾತಿನಲ್ಲಿ ದನಿ ಎಲ್ಲಿ ಇಳಿಯಿತು ಎಂಬುದರಿಂದ ಕೇಳುಗನಿಗೆ ತಿಳಿಯುತ್ತದೆ. ಬರವಣಿಗೆಯಲ್ಲಿ ಮೂರು ನಾಲ್ಕು ಇಂತಹ ರೂಪಗಳು ಸಾಲಾಗಿ ನಿಂತಾಗ ಯಾವುದು ಕೋರಿಕೆ, ಯಾವುದು ಬರಿಯ ಕೊಂಡಿ, ಯಾವುದನ್ನು ನಾವೇ ಮಾಡಿ ಮುಗಿಸಿದ್ದೇವೆ ಎಂಬುದು ಕಲಸಿಹೋಗುತ್ತದೆ. "ಚೀಲಗಳನ್ನು ತೂಕ ಮಾಡಿ ಪಟ್ಟಿ ಲಗತ್ತಿಸಲಾಗಿದೆ, ಪರಿಶೀಲಿಸಿ ಸಹಿ ಮಾಡಿ ಕಳುಹಿಸಿ" ಎಂಬ ಸಾಲನ್ನು ಓದಿದವರು ತೂಕ ಮಾಡಿದವರು ಯಾರು, ಪರಿಶೀಲಿಸಬೇಕಾದದ್ದು ಚೀಲವೋ ಪಟ್ಟಿಯೋ ಎಂದು ಊಹಿಸಬೇಕಾಗುತ್ತದೆ. ಇಲ್ಲಿ "ಲಗತ್ತಿಸಲಾಗಿದೆ" ಎಂಬ ಕರ್ಮಣಿ ಪ್ರಯೋಗವೂ ಪಾಲುದಾರ. ಕಚೇರಿಯ ಗಾಂಭೀರ್ಯಕ್ಕೆಂದು ನಾವು ಅದನ್ನು ಬಳಸುತ್ತೇವೆ, ಅದು ಕರ್ತೃವನ್ನು ಅಳಿಸಿಬಿಡುತ್ತದೆ, ಆಮೇಲೆ "ಮಾಡಿ" ಎಂಬ ಕೊಂಡಿಗೆ ಆತುಕೊಳ್ಳಲು ಯಾರೂ ಉಳಿಯುವುದಿಲ್ಲ.

ಇದಕ್ಕೆ ನಾನು ಕಂಡುಕೊಂಡ ಪರೀಕ್ಷೆ ಹೀಗಿದೆ. ಇಮೇಲ್ ಬರೆದ ಮೇಲೆ ಇಂತಹ ಪ್ರತಿ ರೂಪದ ಬಳಿ ನಿಂತು, ಅದರ ಕೊನೆಗೆ ಒಮ್ಮೆ "ರಿ" ಸೇರಿಸಿ ಓದುತ್ತೇನೆ, ಇನ್ನೊಮ್ಮೆ "ದ ನಂತರ" ಸೇರಿಸಿ ಓದುತ್ತೇನೆ. ಎರಡೂ ಹೊಂದಿಕೊಂಡರೆ ಆ ವಾಕ್ಯಕ್ಕೆ ಎರಡು ಅರ್ಥವಿದೆ ಎಂದೇ ಲೆಕ್ಕ. ಕೋರಿಕೆಯಾಗಿದ್ದರೆ "ಪರೀಕ್ಷಿಸಿರಿ" ಎಂದು ಬರೆದು ಪೂರ್ಣವಿರಾಮ ಇಡುತ್ತೇನೆ. ನಾವು ಮಾಡಿ ಮುಗಿಸಿದ ಕೆಲಸವಾಗಿದ್ದರೆ "ನಾವು ಪರೀಕ್ಷಿಸಿದಾಗ" ಅಥವಾ "ನಾವು ಪರೀಕ್ಷಿಸಿದ ಮೇಲೆ" ಎಂದು ಕರ್ತೃವನ್ನು ಹೆಸರಿಸುತ್ತೇನೆ. "ರಿ" ಸೇರಿಸಿದರೆ ಹಳೆಯ ಕಾಲದ ಪತ್ರದಂತೆ ಕಾಣುತ್ತದೆ ಎಂದು ನಮ್ಮ ತೋಟದ ಮಾಲೀಕರ ಮಗಳು ಒಮ್ಮೆ ಹೇಳಿದರು. ಕಾಣಬಹುದು, ಆದರೆ ಆ ಒಂದು ಅಕ್ಷರ ಬೇರೆ ಯಾವ ಉಪಾಯವೂ ಮಾಡದಷ್ಟು ಕೆಲಸ ಮಾಡುತ್ತದೆ, ಹಾಗಾಗಿ ನಾನು ಅದನ್ನು ಬಿಟ್ಟಿಲ್ಲ.

ಕೊಂಡಿಯ ಕ್ರಿಯೆಗೂ ಮುಖ್ಯ ಕ್ರಿಯೆಗೂ ಕರ್ತೃ ಒಂದೇ ಇರಬೇಕೆಂಬ ನಿಯಮವನ್ನು ಕಣ್ಣುಮುಚ್ಚಿ ಹೇರಲೂ ಆಗದು. "ಮಳೆ ಬಂದು ಕಣದ ಕಾಫಿ ನೆನೆಯಿತು" ಎಂಬಲ್ಲಿ ಬಂದದ್ದು ಮಳೆ, ನೆನೆದದ್ದು ಕಾಫಿ. ಆದರೂ ಇದು ಒಳ್ಳೆಯ ಕನ್ನಡ, ಯಾರಿಗೂ ಗೊಂದಲವಾಗುವುದಿಲ್ಲ, ಏಕೆಂದರೆ ಎರಡು ಕರ್ತೃಗಳೂ ವಾಕ್ಯದಲ್ಲೇ ಇವೆ ಮತ್ತು ಮೊದಲನೆಯದು ಎರಡನೆಯದಕ್ಕೆ ಕಾರಣವಾಗಿದೆ. "ಮಾದರಿ ಪರೀಕ್ಷಿಸಿ ತೇವಾಂಶ ಹೆಚ್ಚು ಕಂಡುಬಂತು" ಎಂಬುದು ಹಾಗಲ್ಲ. ಪರೀಕ್ಷೆ ಯಾರೋ ಉದ್ದೇಶಪಟ್ಟು ಮಾಡುವ ಕೆಲಸ, ಆ ಯಾರೋ ವಾಕ್ಯದಲ್ಲಿಲ್ಲ. ನಾವು ಪರೀಕ್ಷಿಸಿದೆವೋ ಅವರು ಪರೀಕ್ಷಿಸಿದರೋ ಎಂಬುದರ ಮೇಲೆ ಮರುಪರೀಕ್ಷೆ ಬೇಕೋ ಬೇಡವೋ ಎಂಬುದು ನಿಂತಿರುತ್ತದೆ.

ಸರ್ವನಾಮಗಳ ವಿಷಯದಲ್ಲಿ ನನ್ನ ರೂಢಿ ಇನ್ನೂ ಸರಳ. ಅದು, ಅವು, ಇದನ್ನು, ಅವರಿಗೆ ಎಂಬಂತಹ ಪದ ಬಂದಲ್ಲೆಲ್ಲ ಹಿಂದಕ್ಕೆ ಹೋಗಿ, ಅದಕ್ಕೆ ಹೊಂದುವ ನಾಮಪದಗಳು ಎಷ್ಟಿವೆ ಎಂದು ಎಣಿಸುತ್ತೇನೆ. ಒಂದೇ ಇದ್ದರೆ ಸರ್ವನಾಮ ಉಳಿಯುತ್ತದೆ, ಎರಡಿದ್ದರೆ ನಾಮಪದವನ್ನೇ ಮತ್ತೆ ಬರೆಯುತ್ತೇನೆ. ಒಂದೇ ಪದ ಮರುಕಳಿಸಿದರೆ ಬರವಣಿಗೆ ಕಳಪೆಯಾಗುತ್ತದೆ ಎಂದು ಶಾಲೆಯ ಪ್ರಬಂಧಗಳಲ್ಲಿ ಕಲಿತದ್ದನ್ನು ಕೋರಿಕೆಯ ಇಮೇಲಿಗೆ ತರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. "ಅವರು" ಎಂಬುದು ಒಬ್ಬರಿಗೆ ಗೌರವಸೂಚಕವೂ ಹೌದು, ಹಲವರಿಗೆ ಬಹುವಚನವೂ ಹೌದು, ಆದ್ದರಿಂದ ಅಲ್ಲಿ ಹುದ್ದೆಯನ್ನೇ ಬರೆಯುತ್ತೇನೆ.

"ತಮ್ಮ" ಎಂಬ ಪದ ಇದಕ್ಕಿಂತಲೂ ಜಾರು. "ಮೇಸ್ತ್ರಿಯವರು ತಮ್ಮ ತೂಕದ ಪಟ್ಟಿಯನ್ನು ತರುತ್ತಾರೆ" ಎಂದು ಒಮ್ಮೆ ಬರೆದಿದ್ದೆ. ಗೌರವದಿಂದ "ನಿಮ್ಮ" ಎಂಬ ಅರ್ಥದಲ್ಲಿ ನಾನು ಬರೆದದ್ದು. ಮೇಸ್ತ್ರಿಯವರದೇ ಪಟ್ಟಿ ಎಂದು ಗೋದಾಮಿನವರು ಓದಿದರು, ಹಾಗಾಗಿ ತಮ್ಮ ಪಟ್ಟಿಯನ್ನು ಸಿದ್ಧಪಡಿಸಿ ಇಡಲಿಲ್ಲ. ಈಗ ಓದುವವರನ್ನು ಉದ್ದೇಶಿಸುವಾಗ "ನೀವು, ನಿಮ್ಮ" ಎಂದೇ ಬರೆಯುತ್ತೇನೆ, "ತಮ್ಮ" ಎಂಬುದನ್ನು ಕರ್ತೃವಿನ ಸ್ವಂತದ್ದು ಎಂಬ ಅರ್ಥಕ್ಕೆ ಮಾತ್ರ ಮೀಸಲಿಟ್ಟಿದ್ದೇನೆ. ಗೌರವವನ್ನು "ಮಾನ್ಯರೇ" ಮತ್ತು "ದಯವಿಟ್ಟು" ಹೊತ್ತುಕೊಳ್ಳುತ್ತವೆ.

ದಿನ, ಗಡುವುಗಳೂ ಹೀಗೆಯೇ ತೂಗಾಡುತ್ತವೆ. "ಸೋಮವಾರ ಕಳುಹಿಸಿದ ಮಾದರಿಯ ವರದಿ ಕೊಡಿ" ಎಂದರೆ ಮಾದರಿ ಹೋದದ್ದು ಸೋಮವಾರವೋ, ವರದಿ ಬೇಕಾದದ್ದು ಸೋಮವಾರವೋ ತಿಳಿಯದು. ಗಡುವಾಗಿದ್ದರೆ "ಸೋಮವಾರದೊಳಗೆ" ಎಂದು ಬದಲಿಸಿ, ಕೋರಿಕೆಯ ಕ್ರಿಯಾಪದಕ್ಕೆ ತಾಗಿಸಿ ಇಡುತ್ತೇನೆ.

ಅಂದು ಸಂಜೆ ಅದೇ ಇಮೇಲನ್ನು ಹೀಗೆ ತಿದ್ದಿ ಬರೆದೆ, ಕಳುಹಿಸಲಿಕ್ಕಲ್ಲ, ಮುಂದಿನ ಸಲಕ್ಕೆ ಮಾದರಿಯಾಗಿ ಇಟ್ಟುಕೊಳ್ಳಲು:

"ಮಾನ್ಯರೇ, ನಿನ್ನೆ ನಾವು 25 ಚೀಲ ಅರೇಬಿಕಾ ಪಾರ್ಚ್‌ಮೆಂಟ್ ಮತ್ತು 60 ಚೀಲ ರೋಬಸ್ಟಾ ಚೆರಿಯನ್ನು ಲಾರಿಯಲ್ಲಿ ಕಳುಹಿಸಿದ್ದೇವೆ. ಪಾರ್ಚ್‌ಮೆಂಟ್ ನಮ್ಮ ಕಣದಲ್ಲಿದ್ದಾಗ ಮಳೆಗೆ ನೆನೆದಿತ್ತು, ಚೆರಿ ನೆನೆದಿಲ್ಲ. ದಯವಿಟ್ಟು ಪಾರ್ಚ್‌ಮೆಂಟಿನ ತೇವಾಂಶವನ್ನು ಪರೀಕ್ಷಿಸಿರಿ. ತೇವಾಂಶ ಶೇ. 10ಕ್ಕಿಂತ ಹೆಚ್ಚಿದ್ದರೆ ಪಾರ್ಚ್‌ಮೆಂಟನ್ನು ನಿಮ್ಮ ಕಣದಲ್ಲಿ ಮತ್ತೆ ಒಣಗಿಸಿರಿ. ತೇವಾಂಶದ ವರದಿಯನ್ನು ಶುಕ್ರವಾರದೊಳಗೆ ಇಮೇಲಿನಲ್ಲಿ ಕಳುಹಿಸಿರಿ. ಎರಡೂ ಬಗೆಯ ಚೀಲಗಳು ನಿಮ್ಮ ಗೋದಾಮಿನಲ್ಲಿಯೇ ಇರಲಿ."

ಮೊದಲಿನದಕ್ಕಿಂತ ಇದು ಸುಮಾರು ಎರಡರಷ್ಟು ಉದ್ದವಾಗಿದೆ, "ಪಾರ್ಚ್‌ಮೆಂಟ್" ಎಂಬುದು ನಾಲ್ಕು ಸಲ ಬಂದಿದೆ. "ಚೆರಿ ನೆನೆದಿಲ್ಲ" ಎಂಬ ಎರಡು ಪದಗಳನ್ನು ವ್ಯಾಕರಣ ಕೇಳುವುದಿಲ್ಲ. ಆದರೆ ಓದುಗ ಯಾವ ತಪ್ಪು ಅರ್ಥದತ್ತ ಹೋಗಬಹುದೆಂದು ಗೊತ್ತಿರುವಾಗ ಆ ಬಾಗಿಲನ್ನು ಹೆಸರಿಟ್ಟೇ ಮುಚ್ಚುವುದು ಲೇಸು ಎಂದು ಸೇರಿಸಿದೆ. ಬರೆದವನ ಕಣ್ಣಿಗೆ ಈ ಬಾಗಿಲುಗಳು ಕಾಣುವುದು ಕಷ್ಟ, ಆದ್ದರಿಂದ ಹಣ ಅಥವಾ ಸರಕು ಒಳಗೊಂಡ ಇಮೇಲನ್ನು ಕಳುಹಿಸುವ ಮೊದಲು ಇಂದಿಗೂ ಮೇಸ್ತ್ರಿಯವರಿಗೆ ಓದಿ ಹೇಳುತ್ತೇನೆ. "ಅರ್ಥವಾಯಿತೇ?" ಎಂದು ಕೇಳುವುದಿಲ್ಲ, ಅದಕ್ಕೆ ಎಲ್ಲರೂ ಹೌದು ಎನ್ನುತ್ತಾರೆ. ಇದು ಬಂದರೆ ಮೊದಲು ಯಾವ ಚೀಲಕ್ಕೆ ಕೈ ಹಾಕುತ್ತೀರಿ ಎಂದು ಕೇಳುತ್ತೇನೆ.

ಮರುವರ್ಷ ಮತ್ತೆ ಮಳೆ ಬಂತು, ಈ ಸಲ ನೆನೆದದ್ದು ಚೆರಿ. ಮಾದರಿಯಲ್ಲಿ ಪದಗಳನ್ನು ಅದಲುಬದಲು ಮಾಡಿ, ರೋಬಸ್ಟಾ ಚೆರಿಗೆ ಇರುವ ಶೇ. 11ರ ಮಿತಿಯನ್ನು ಹಾಕಿ ಕಳುಹಿಸಿದೆ. ಮಧ್ಯಾಹ್ನದೊಳಗೆ ಗೋದಾಮಿನಿಂದ ಉತ್ತರ ಬಂತು: "ಚೆರಿ ಶೇ. 13 ಇದೆ, ಇಂದೇ ಕಣಕ್ಕೆ ಹಾಕಿಸಿದ್ದೇವೆ. ಪಾರ್ಚ್‌ಮೆಂಟ್ ಚೀಲಗಳನ್ನು ಬಿಚ್ಚಿಲ್ಲ."